ಬೆಟ್ಟದ ಮೇಲೆ ಬೆಚ್ಚಗೆ, ಊರೊಳಗೆ ಥಂಡಿ: ಡಿಸೆಂಬರ್ ಬೆಳಗ್ಗೆ ಮೈಸೂರಿನ ಹೊಗೆ ಯಾಕೆ ಮೇಲೇಳುವುದಿಲ್ಲ

ಡಿಸೆಂಬರ್ ಕೊನೆಯ ವಾರ, ಬೆಳಗ್ಗೆ ಏಳರ ಹೊತ್ತಿಗೆ ಚಾಮುಂಡಿ ಬೆಟ್ಟದ ಮೇಲಿಂದ ಮೈಸೂರನ್ನು ನೋಡಿದರೆ ಊರಿನ ಮೇಲೆ ಒಂದು ಮಸುಕು ಪದರ ಕಾಣುತ್ತದೆ. ಬರೀ ಮಂಜಾಗಿದ್ದರೆ ಬೆಳ್ಳಗಿರುತ್ತಿತ್ತು. ಇದು ಸ್ವಲ್ಪ ಕಂದು ಬೆರೆತ ಬೂದು ಬಣ್ಣ. ಇದರಲ್ಲಿ ಗಮನಿಸಬೇಕಾದ್ದು ಮೇಲಂಚನ್ನು. ಅದು ಅಡ್ಡಗೆರೆ ಎಳೆದ ಹಾಗೆ ಸಮತಟ್ಟಾಗಿರುತ್ತದೆ. ಗೆರೆಯ ಕೆಳಗೆ ಮಬ್ಬು, ಮೇಲೆ ತಿಳಿಯಾದ ಆಕಾಶ. ಮಧ್ಯಾಹ್ನ ಎರಡಕ್ಕೆ ಅದೇ ಜಾಗದಿಂದ ನೋಡಿದರೆ ಆ ಗೆರೆ ಇರುವುದಿಲ್ಲ. ರಸ್ತೆಯಲ್ಲಿ ಗಾಡಿಗಳು ಮಾತ್ರ ಬೆಳಗ್ಗೆ ಏಳಕ್ಕಿಂತ ಜಾಸ್ತಿಯೇ ಇರುತ್ತವೆ.

"ಚಳೀಲಿ ಹೊಗೆ ಭಾರ ಆಗುತ್ತೆ, ಅದಕ್ಕೇ ಕೆಳಗೆ ಕೂತ್ಕೊಳ್ಳುತ್ತೆ" ಎಂದು ಬಹಳ ಜನ ಹೇಳುತ್ತಾರೆ. ಹೊಗೆ ಭಾರವಾಗುವುದಿಲ್ಲ. ಒಲೆಯಿಂದ ಹೊರಟ ಹೊಗೆ ಚಳಿಗಾಲದಲ್ಲೂ ಬಿಸಿಯಾಗಿಯೇ ಇರುತ್ತದೆ, ಹಗುರವಾಗಿಯೇ ಇರುತ್ತದೆ, ಮೇಲಕ್ಕೇ ಹೊರಡುತ್ತದೆ. ಚಳಿಗೆ ಬಚ್ಚಲು ಒಲೆ ಉರಿಸುವುದು, ಬೀದಿಬದಿಯಲ್ಲಿ ಎಲೆ ಗುಡ್ಡೆ ಹಾಕಿ ಬೆಂಕಿ ಕಾಯಿಸುವುದು ಹೆಚ್ಚುತ್ತದೆ ಎನ್ನುವುದು ನಿಜ. ಆದರೆ ಮುಖ್ಯ ಕಾರಣ ಬೇರೆ. ಹೊಗೆ ಹರಡಿಕೊಳ್ಳಲು ಸಿಗುವ ಗಾಳಿಯ ಎತ್ತರವೇ ಆ ಹೊತ್ತಿನಲ್ಲಿ ತೀರಾ ಕಡಿಮೆಯಾಗಿರುತ್ತದೆ. ಆ ಎತ್ತರವನ್ನು ಯಾವುದು ತೀರ್ಮಾನಿಸುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೇಲೇರುವ ಗಾಳಿ ಯಾಕೆ ತಣ್ಣಗಾಗುತ್ತದೆ

ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಕೆಳಗಿನಿಂದ ಒಂದಿಷ್ಟು ಗಾಳಿ ಮೇಲೇರಿದರೆ ಸುತ್ತಲಿನ ಒತ್ತಡ ಸಡಿಲವಾಗಿ ಅದು ಹಿಗ್ಗುತ್ತದೆ. ಹಿಗ್ಗಬೇಕಾದರೆ ಸುತ್ತಲಿನ ಗಾಳಿಯನ್ನು ಪಕ್ಕಕ್ಕೆ ತಳ್ಳಬೇಕು. ಆ ಕೆಲಸಕ್ಕೆ ಬೇಕಾದ ಶಕ್ತಿ ಅದರದೇ ಶಾಖದಿಂದ ಖರ್ಚಾಗುತ್ತದೆ. ಹಾಗಾಗಿ ಮೇಲೇರುವ ಒಣ ಗಾಳಿ 100 ಮೀಟರಿಗೆ ಹೆಚ್ಚುಕಡಿಮೆ 1 ಡಿಗ್ರಿಯಂತೆ ತಣ್ಣಗಾಗುತ್ತದೆ. ಸರಿಯಾಗಿ ಹೇಳಬೇಕೆಂದರೆ ಕಿಲೋಮೀಟರಿಗೆ 9.8 ಡಿಗ್ರಿ. ಇಳಿಯುವಾಗ ಅಷ್ಟೇ ಬಿಸಿಯಾಗುತ್ತದೆ. ಇದು ಊರು, ಕಾಲ ನೋಡಿ ಬದಲಾಗುವ ಲೆಕ್ಕವಲ್ಲ.

ಬದಲಾಗುವುದು ಸುತ್ತ ನಿಂತಿರುವ ಗಾಳಿ. ಮೇಲೇರುತ್ತಿರುವ ಹೊಗೆಗೆ ಪ್ರತಿ ಎತ್ತರದಲ್ಲೂ ಒಂದೇ ಪರೀಕ್ಷೆ: ಈಗ ನಾನು ಪಕ್ಕದ ಗಾಳಿಗಿಂತ ಬೆಚ್ಚಗಿದ್ದೇನಾ? ಬೆಚ್ಚಗಿದ್ದರೆ ಹಗುರ, ಇನ್ನೂ ಏರುತ್ತದೆ. ತಣ್ಣಗಿದ್ದರೆ ಭಾರ, ಹಿಂದಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಸುತ್ತಲಿನ ಗಾಳಿಯೂ 100 ಮೀಟರಿಗೆ 1 ಡಿಗ್ರಿಯಂತೆಯೇ ತಣ್ಣಗಾಗುತ್ತಾ ಹೋಗಿರುತ್ತದೆ. ಆಗ ನೆಲದಲ್ಲಿ 3 ಡಿಗ್ರಿ ಹೆಚ್ಚು ಬೆಚ್ಚಗಿದ್ದ ಹೊಗೆ 500 ಮೀಟರ್ ಮೇಲೂ 3 ಡಿಗ್ರಿ ಹೆಚ್ಚು ಬೆಚ್ಚಗೇ ಇರುತ್ತದೆ. ತಡೆಯುವವರಿಲ್ಲ. ಒಂದು, ಒಂದೂವರೆ ಕಿಲೋಮೀಟರ್ ಎತ್ತರದವರೆಗೂ ಕಲೆತು ತೆಳ್ಳಗಾಗುತ್ತದೆ. ಇಂಥ ಗಾಳಿಯನ್ನು ತಟಸ್ಥ ಎನ್ನುತ್ತಾರೆ. ಎತ್ತರಕ್ಕೆ ಹೋದಂತೆ ಸುತ್ತಲಿನ ಗಾಳಿ ಅಷ್ಟು ಬೇಗ ತಣ್ಣಗಾಗದಿದ್ದರೆ ಅದು ಸ್ಥಿರ ಗಾಳಿ. ತಣ್ಣಗಾಗುವುದರ ಬದಲು ಬೆಚ್ಚಗಾಗುತ್ತಾ ಹೋದರೆ ಸ್ಥಿರತೆ ತುತ್ತತುದಿಗೆ ಮುಟ್ಟಿದ ಹಾಗೆ. ಇದನ್ನೇ ಉಷ್ಣತೆಯ ವಿಲೋಮ, ಅಂದರೆ ಇನ್ವರ್ಷನ್ ಎನ್ನುವುದು.

ರಾತ್ರಿಯಿಡೀ ನಡೆಯುವ ಕೆಲಸ

ಸಂಜೆ ಸೂರ್ಯ ಮುಳುಗುವ ಮುಂಚೆಯೇ ನೆಲ ತಣ್ಣಗಾಗಲು ಶುರುವಾಗುತ್ತದೆ. ಮಣ್ಣು, ತಾರಸಿ, ರಸ್ತೆ ಎಲ್ಲವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಆಕಾಶಕ್ಕೆ ಬಿಡುತ್ತಿರುತ್ತವೆ. ಮೋಡವಿದ್ದರೆ ಅದರಲ್ಲಿ ಬಹುಪಾಲನ್ನು ಮೋಡ ನೆಲಕ್ಕೆ ವಾಪಸ್ ಕಳಿಸುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಿದ್ದರೂ ಅಷ್ಟೇ. ಹಿಂಗಾರು ಮಳೆ ಮುಗಿದ ಮೇಲೆ, ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ, ನಮ್ಮ ಕಡೆ ಆಕಾಶ ತಿಳಿ, ಗಾಳಿ ಒಣ. ಹೋದ ಶಾಖ ಹೋಯಿತು. ರಾತ್ರಿ ಉದ್ದವಿರುವುದರಿಂದ ಹೀಗಾಗುತ್ತದೆ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಮೈಸೂರಿನ ಮಟ್ಟಿಗೆ ಅದು ಅಷ್ಟು ದೊಡ್ಡ ಕಾರಣವಲ್ಲ. ಇಲ್ಲಿ ಡಿಸೆಂಬರಿನ ರಾತ್ರಿ ಹನ್ನೆರಡೂವರೆ ಗಂಟೆ, ಅಷ್ಟೇ. ತಿಳಿ ಆಕಾಶ ಮತ್ತು ಒಣ ಗಾಳಿಯೇ ಇಲ್ಲಿ ಮುಖ್ಯ.

ತಣ್ಣಗಾದ ನೆಲ ತನಗೆ ತಾಗಿದ ಗಾಳಿಯನ್ನು ತಣ್ಣಗೆ ಮಾಡುತ್ತದೆ. ಆ ಗಾಳಿ ಭಾರವಾಗಿ ಕೆಳಗೇ ಉಳಿಯುತ್ತದೆ. ಜೋರು ಗಾಳಿ ಬೀಸಿದ್ದರೆ ಮೇಲಿನದನ್ನೂ ಕೆಳಗಿನದನ್ನೂ ಕಲಸಿಬಿಡುತ್ತಿತ್ತು. ಎಲೆ ಅಲುಗಾಡದ ರಾತ್ರಿಯಲ್ಲಿ ಕಲಸುವವರಿಲ್ಲ. ತಂಪು ನೆಲದಿಂದ ಸ್ವಲ್ಪಸ್ವಲ್ಪವೇ ಮೇಲಕ್ಕೆ ಹಬ್ಬುತ್ತದೆ. ಬೆಳಗಾಗುವ ಹೊತ್ತಿಗೆ ನೂರಿನ್ನೂರು ಮೀಟರ್ ದಪ್ಪದ ತಂಪು ಪದರ ಸಿದ್ಧ. ಅದರ ಮೇಲೆ ನಿನ್ನೆ ಮಧ್ಯಾಹ್ನ ಬಿಸಿಲಿಗೆ ಕಲೆತ ಗಾಳಿ ಹೆಚ್ಚು ತಣ್ಣಗಾಗದೆ ಹಾಗೆಯೇ ನಿಂತಿರುತ್ತದೆ. ಬೆಟ್ಟದ ತುದಿಯಲ್ಲಿ ಇರುವವರಿಗಿಂತ ಬುಡದಲ್ಲಿ ಇರುವವರಿಗೆ ಚಳಿ ಜಾಸ್ತಿ ಆಗುವುದು ಇದರಿಂದಲೇ.

ಒಂದು ಬೆಳಗಿನ ಲೆಕ್ಕ

ಚಾಮುಂಡಿ ಬೆಟ್ಟ ಮೈಸೂರಿಗಿಂತ ಸುಮಾರು 300 ಮೀಟರ್ ಎತ್ತರ. ಲೆಕ್ಕ ಹಾಕಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದಿಲ್ಲ. ಉದಾಹರಣೆಗೆ ಒಂದು ಬೆಳಗ್ಗೆ ಆರೂಮುಕ್ಕಾಲಿಗೆ ಊರಿನಲ್ಲಿ 14 ಡಿಗ್ರಿ, ಬೆಟ್ಟದ ತುದಿಯಲ್ಲಿ 18 ಡಿಗ್ರಿ ಇದೆ ಎಂದುಕೊಳ್ಳಿ. ಮಧ್ಯದಲ್ಲಿ ಉಷ್ಣತೆ ಒಂದೇ ಸಮನೆ ಏರುತ್ತಾ ಹೋಗುತ್ತದೆ ಎಂದು ಇಟ್ಟುಕೊಳ್ಳೋಣ. ಅಂದರೆ 100 ಮೀಟರಿಗೆ ಒಂದೂಕಾಲು ಡಿಗ್ರಿಗಿಂತ ಸ್ವಲ್ಪ ಜಾಸ್ತಿ.

ಈಗ ಯಾರೋ ರಸ್ತೆಬದಿಯಲ್ಲಿ ಎಲೆ, ಕಸ ಗುಡಿಸಿ ಬೆಂಕಿ ಹಚ್ಚುತ್ತಾರೆ. ಹೊಗೆ ಮೊದಲ ಕೆಲವು ಮೀಟರಿನಲ್ಲೇ ತಂಪು ಗಾಳಿಯ ಜೊತೆ ಕಲೆತು 17 ಡಿಗ್ರಿಗೆ ಇಳಿದಿದೆ ಎನ್ನೋಣ. ಸುತ್ತಲಿನ ಗಾಳಿಗಿಂತ 3 ಡಿಗ್ರಿ ಜಾಸ್ತಿ. ಏರಲು ಹೊರಡುತ್ತದೆ. 100 ಮೀಟರ್ ಏರಿದಾಗ ಅದು 16 ಡಿಗ್ರಿಗೆ ಬಂದಿರುತ್ತದೆ, ಸುತ್ತಲಿನ ಗಾಳಿ 15.3. ಇನ್ನೂ ಸ್ವಲ್ಪ ಬಲ ಉಳಿದಿದೆ. 130 ಮೀಟರಿಗೆ ಎರಡೂ ಸಮ, ಸುಮಾರು 15.7 ಡಿಗ್ರಿ. ಅಲ್ಲಿಗೆ ಮುಗಿಯಿತು. ಅದಕ್ಕಿಂತ ಮೇಲೆ ಹೋದರೆ ಹೊಗೆಯೇ ಪಕ್ಕದ ಗಾಳಿಗಿಂತ ತಣ್ಣಗಾಗಿ ಹಿಂದಕ್ಕೆ ಇಳಿಯುತ್ತದೆ. ಮೇಲಕ್ಕೆ ದಾರಿಯಿಲ್ಲದೆ ಅದು ಅಡ್ಡಡ್ಡ ಹರಡುತ್ತದೆ. ಬೆಟ್ಟದಿಂದ ಕಾಣುವ ಆ ಸಮತಟ್ಟಾದ ಅಂಚು ಹೀಗೆ ಹುಟ್ಟುತ್ತದೆ.

ಇದನ್ನು ಊರಿನ ಮೇಲೆ ಮುಚ್ಚಳ ಹಾಕಿದ ಹಾಗೆ ಎಂದು ವಿವರಿಸುವುದು ರೂಢಿ. ಅರ್ಥವಾಗಲು ಆ ಹೋಲಿಕೆ ಸಾಕು. ಆದರೆ ಒಂದು ವಿಷಯ ಅದರಲ್ಲಿ ತಪ್ಪಿಹೋಗುತ್ತದೆ. ಮುಚ್ಚಳದ ಕೆಳಗೆ ಎಲ್ಲ ಎತ್ತರದಲ್ಲೂ ಹೊಗೆ ಸಲೀಸಾಗಿ ಓಡಾಡಬಹುದಲ್ವಾ? ಇಲ್ಲಿ ಹಾಗಲ್ಲ. ತಂಪು ಪದರದ ಪ್ರತಿ ಮೀಟರೂ ತಡೆಯುತ್ತದೆ. 3 ಡಿಗ್ರಿ ಬೆಚ್ಚಗಿನ ಹೊಗೆ 130 ಮೀಟರಿಗೆ ನಿಂತರೆ, ಅರ್ಧ ಡಿಗ್ರಿಯಷ್ಟೇ ಬೆಚ್ಚಗಿರುವ ಸ್ಕೂಟರ್, ಆಟೋ ಹೊಗೆ ಇಪ್ಪತ್ತು ಮೀಟರಿಗೇ ನಿಂತುಬಿಡುತ್ತದೆ. ಅದು ಆರೇಳು ಅಂತಸ್ತಿನ ಎತ್ತರ. ನಾವು ಉಸಿರಾಡುವ ಗಾಳಿಗೆ ಬಹಳ ಹತ್ತಿರ.

ಪದರ ಒಡೆಯಲು ಎಷ್ಟು ಬಿಸಿಲು ಬೇಕು

ಅದೇ ಬೆಳಗ್ಗೆ ಈ ಪದರ ಯಾವಾಗ ಒಡೆಯುತ್ತದೆ? ಇದಕ್ಕೆ ಒಂದು ಸುಲಭದ ಲೆಕ್ಕವಿದೆ. ನೆಲದಿಂದ ಹೊರಟ ಗಾಳಿ 300 ಮೀಟರ್ ಏರುವಾಗ 3 ಡಿಗ್ರಿ ಕಳೆದುಕೊಳ್ಳುತ್ತದೆ. ಬೆಟ್ಟದ ತುದಿಯಲ್ಲಿ 18 ಇದೆ. ಹಾಗಾದರೆ ಊರಿನ ಗಾಳಿ 18ಕ್ಕೆ 3 ಸೇರಿಸಿ 21 ಡಿಗ್ರಿ ಮುಟ್ಟಿದಾಗ ಅದು ಬೆಟ್ಟದ ಎತ್ತರದವರೆಗೆ ತಡೆಯಿಲ್ಲದೆ ಏರಬಲ್ಲದು. ಬೆಟ್ಟದ ಉಷ್ಣತೆಗೆ 3 ಕೂಡಿಸಿದರೆ ಊರು ಮುಟ್ಟಬೇಕಾದ ಅಂಕಿ ಸಿಗುತ್ತದೆ. ಬೆಟ್ಟದ ನೆಲವೂ ರಾತ್ರಿ ಸ್ವಲ್ಪ ತಣ್ಣಗಾಗಿರುವುದರಿಂದ ಇದು ಅರ್ಧ, ಒಂದು ಡಿಗ್ರಿ ಆಚೀಚೆ ಆಗಬಹುದು. ಅಂದಾಜಿಗೆ ತೊಂದರೆಯಿಲ್ಲ.

14ರಿಂದ 21ಕ್ಕೆ ಏರಲು ಎಷ್ಟು ಹೊತ್ತು? ನೆಲದ ಬಳಿಯ ಗಾಳಿ 7 ಡಿಗ್ರಿ ಬಿಸಿಯಾಗಬೇಕು, 300 ಮೀಟರಿನಲ್ಲಿ ಸೊನ್ನೆ. ಸರಾಸರಿ ಮೂರೂವರೆ ಡಿಗ್ರಿ. ಮೈಸೂರಿನ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.1 ಕಿಲೋ. ಒಂದು ಕಿಲೋ ಗಾಳಿ 1 ಡಿಗ್ರಿ ಬಿಸಿಯಾಗಲು ಸುಮಾರು ಸಾವಿರ ಜೌಲ್ ಬೇಕು. ಇಷ್ಟನ್ನು ಗುಣಿಸಿದರೆ ಪ್ರತಿ ಚದರ ಮೀಟರ್ ನೆಲದ ಮೇಲಿನ ಗಾಳಿಗೆ ಹತ್ತಿರಹತ್ತಿರ 12 ಲಕ್ಷ ಜೌಲ್ ಶಾಖ ಬೇಕು. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು ಆರು ನಲವತ್ತರ ಸುಮಾರಿಗೆ. ಮೊದಲ ಒಂದು ಗಂಟೆ ಬಿಸಿಲು ಓರೆಯಾಗಿ ಬೀಳುತ್ತದೆ. ಬಿದ್ದದ್ದರಲ್ಲೂ ಇಬ್ಬನಿ ಆರಿಸಲು, ಮಣ್ಣು ಬಿಸಿ ಮಾಡಲು ಒಂದಿಷ್ಟು ಹೋಗುತ್ತದೆ. ಗಾಳಿಗೆ ಸಿಗುವುದು ಐವತ್ತು ಸಾವಿರ ಜೌಲ್ ಆದರೆ ಹೆಚ್ಚು. ಎರಡನೇ ಗಂಟೆಯಲ್ಲಿ ಎರಡೂವರೆ ಲಕ್ಷ, ಮೂರನೆಯದರಲ್ಲಿ ಐದೂವರೆ ಲಕ್ಷ ಎಂದು ಅಂದಾಜು ಮಾಡಬಹುದು. ನಾಲ್ಕನೇ ಗಂಟೆಯ ಅರ್ಧಕ್ಕೆ 12 ಲಕ್ಷ ತುಂಬುತ್ತದೆ. ಗಡಿಯಾರದಲ್ಲಿ ಹತ್ತು ದಾಟಿರುತ್ತದೆ.

ಈ ಮೂರೂವರೆ ಗಂಟೆಯಲ್ಲಿ ಕಲೆಯುವ ಗಾಳಿಯ ಎತ್ತರ ಹೇಗೆ ಬೆಳೆಯುತ್ತದೆ ನೋಡಿ. ಏಳು ನಲವತ್ತಕ್ಕೆ ಸುಮಾರು 60 ಮೀಟರ್. ಎಂಟು ನಲವತ್ತಕ್ಕೆ 150. ಒಂಬತ್ತು ನಲವತ್ತಕ್ಕೆ 250. ಹತ್ತೂಕಾಲಿಗೆ 300. ಅಲ್ಲಿಂದಾಚೆಗೆ ಮಾತ್ರ ಕಥೆಯೇ ಬದಲು. ಮೇಲಿರುವುದು ನಿನ್ನೆಯ ಕಲೆತ ಗಾಳಿ, ಅದು ಹೆಚ್ಚು ತಡೆಯುವುದಿಲ್ಲ. ಸ್ವಲ್ಪವೇ ಬಿಸಿಲಿಗೆ ಎತ್ತರ ಒಂದು ಕಿಲೋಮೀಟರ್ ದಾಟುತ್ತದೆ. ಬೆಟ್ಟದಿಂದ ನೋಡುತ್ತಿದ್ದರೆ ಮಬ್ಬು ಮೂರು ಗಂಟೆ ಹಾಗೇ ಇದ್ದು, ಆಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಚದುರಿಹೋದ ಹಾಗೆ ಅನ್ನಿಸುವುದು ಇದಕ್ಕೇ.

ಸ್ಕೂಲ್ ಬಸ್, ಆಟೋ, ಆಫೀಸಿಗೆ ಹೊರಟ ಬೈಕುಗಳು ರಸ್ತೆಗೆ ಇಳಿಯುವುದು ಎಂಟರಿಂದ ಒಂಬತ್ತೂವರೆಯೊಳಗೆ. ಅಷ್ಟೂ ಹೊಗೆ ಬೀಳುವುದು ನೂರಿನ್ನೂರು ಮೀಟರ್ ಎತ್ತರದ ಗಾಳಿಗೆ. ಅದೇ ಹೊಗೆ ಮಧ್ಯಾಹ್ನ 1500 ಮೀಟರಿಗೆ ಹರಡಿದ್ದರೆ ಹತ್ತು ಪಟ್ಟು ತೆಳ್ಳಗಿರುತ್ತಿತ್ತು. ಬೆಳಗ್ಗೆ ಅಡ್ಡ ಬೀಸುವ ಗಾಳಿಯೂ ನಿಧಾನ, ಹಾಗಾಗಿ ವ್ಯತ್ಯಾಸ ಅದಕ್ಕಿಂತಲೂ ಜಾಸ್ತಿಯೇ.

ಒಡೆಯುವಾಗಲೇ ಹೆಚ್ಚು ಕೆಟ್ಟದ್ದು

ಬಹಳ ಜನ ಗಮನಿಸದ ಒಂದು ವಿಷಯ ಇಲ್ಲಿದೆ. ಅತಿ ಚಳಿಯ ಹೊತ್ತೇ ಅತಿ ಕೆಟ್ಟ ಹೊತ್ತು ಎಂದುಕೊಳ್ಳುತ್ತೇವೆ. ಹಾಗಾಗಬೇಕಿಲ್ಲ. ನಮ್ಮ ಲೆಕ್ಕದ ಕಸದ ಹೊಗೆ 130 ಮೀಟರಿನಲ್ಲಿ ಹಾಸಿಕೊಂಡಿತ್ತಲ್ಲ, ಅದು ಏಳು ಗಂಟೆಗೆ ನೆಲದಲ್ಲಿ ಇರುವವರ ಮೂಗಿಗೆ ತಾಗುತ್ತಿರಲಿಲ್ಲ. ಎಂಟೂವರೆ ಸುಮಾರಿಗೆ ನೆಲದಿಂದ ಎದ್ದ ಬಿಸಿ ಗಾಳಿ ಆ ಎತ್ತರ ಮುಟ್ಟುತ್ತದೆ. ಏರುವ ಗಾಳಿಯ ಪಕ್ಕದಲ್ಲೇ ಇಳಿಯುವ ಗಾಳಿಯೂ ಇರಬೇಕು. ಅದು ರಾತ್ರಿಯಿಡೀ ಮೇಲೆ ನಿಂತಿದ್ದ ಹೊಗೆಯನ್ನು ಕೆಲವೇ ನಿಮಿಷದಲ್ಲಿ ನೆಲಕ್ಕೆ ತರುತ್ತದೆ. ವಾಯುಮಾಲಿನ್ಯ ಓದಿದವರು ಇದಕ್ಕೆ ಫ್ಯೂಮಿಗೇಷನ್ ಎನ್ನುತ್ತಾರೆ. ಬಿಸಿಲು ಬಂದು ಹಿತವಾಯಿತು ಅನ್ನುವಾಗಲೇ ಗಂಟಲು ಕೆರೆಯಲು ಶುರುವಾಗುತ್ತದೆ. ಎತ್ತರದ ಚಿಮಣಿಯಿರುವ ಕಾರ್ಖಾನೆಯ ಸುತ್ತ ಇದು ಇನ್ನೂ ಜೋರಾಗಿ ಗೊತ್ತಾಗುತ್ತದೆ.

ಮಂಡ್ಯದ ಗದ್ದೆ ಬಯಲಿನಲ್ಲಿ

ಮೈಸೂರಿನಿಂದ 45 ಕಿಲೋಮೀಟರ್ ದೂರದ ಮಂಡ್ಯಕ್ಕೆ ಬಂದರೆ ಲೆಕ್ಕ ಸ್ವಲ್ಪ ಬೇರೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆ, ಕಬ್ಬಿನ ಹೊಲಗಳ ನೆಲ ಹಸಿಯಾಗಿರುತ್ತದೆ. ಹಸಿ ಮಣ್ಣು ಒಳಗಿನ ಶಾಖವನ್ನು ಚೆನ್ನಾಗಿ ಮೇಲಕ್ಕೆ ಕೊಡುತ್ತದೆ, ಹಾಗಾಗಿ ರಾತ್ರಿ ಒಣ ನೆಲದಷ್ಟು ಬೇಗ ತಣ್ಣಗಾಗುವುದಿಲ್ಲ. ಆದರೆ ಬೆಳಗ್ಗೆ ಬಿದ್ದ ಬಿಸಿಲಿನಲ್ಲಿ ದೊಡ್ಡ ಪಾಲು ನೀರು ಆವಿಯಾಗಿಸಲು ಹೋಗುತ್ತದೆ. ಗಾಳಿ ಬಿಸಿ ಮಾಡಲು ಉಳಿಯುವುದು ಕಡಿಮೆ. ಜೊತೆಗೆ ಗದ್ದೆಯ ಮೇಲೆ ಮಂಜು ಕೂತಿದ್ದರೆ ಅದು ಬಿಸಿಲನ್ನು ಮೇಲಕ್ಕೇ ತಿರುಗಿಸುತ್ತದೆ. ಪದರ ತೆಳುವಾಗಿದ್ದರೂ ಒಡೆಯುವುದು ತಡ.

ಆಲೆಮನೆಗಳು ಕೆಲಸ ಮಾಡುವುದು ಇದೇ ಗಾಳಿಯ ಅಡಿಯಲ್ಲಿ. ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಉರಿಯುತ್ತದೆ, ಚಿಮಣಿ ಹೆಚ್ಚು ಎತ್ತರವಿರುವುದಿಲ್ಲ. ಬೆಳಗಿನ ಜಾವ ಹೊರಬಂದ ಹೊಗೆ ಸ್ವಲ್ಪ ಏರಿ, ಒಂದು ಕಡೆ ಬಾಗಿ, ಕಬ್ಬಿನ ಹೊಲದ ಮೇಲೆ ಪಟ್ಟಿಯಾಗಿ ದೂರದವರೆಗೆ ಹಾಸಿಕೊಂಡು ಹೋಗುತ್ತದೆ. ಮಧ್ಯಾಹ್ನ ಅದೇ ಚಿಮಣಿಯ ಹೊಗೆ ಸುರುಳಿಸುರುಳಿಯಾಗಿ ಮೇಲೆ ಕೆಳಗೆ ಆಡುತ್ತಾ ಚದುರುತ್ತದೆ. ಬೆಲ್ಲ ಕಾಯಿಸುವ ಒಲೆಯನ್ನು ಮನಸ್ಸು ಬಂದಾಗ ನಿಲ್ಲಿಸಲಾಗುವುದಿಲ್ಲ, ಅದು ಕಷ್ಟದ ದುಡಿಮೆ. ಕಟಾವಾದ ಹೊಲದ ತರಗಿಗೆ ಬೆಂಕಿ ಹಚ್ಚುವುದನ್ನಾದರೂ ಮುಂಜಾನೆ ಮತ್ತು ಸಂಜೆ ಮಾಡಬಾರದು. ಹಚ್ಚದೆ ಮುಚ್ಚಿಗೆಯಾಗಿ ಬಿಟ್ಟರೆ ಮಣ್ಣಿಗೂ ಒಳ್ಳೆಯದು.

ಕಣಿವೆಯಾದರೆ ಏನಾಗುತ್ತದೆ

ಮೈಸೂರು ನಿಜವಾದ ಕಣಿವೆ ಊರಲ್ಲ. ಒಂದು ಕಡೆ ಬೆಟ್ಟ, ಉಳಿದ ಕಡೆ ಏರುತಗ್ಗಿನ ಬಯಲು. ಹಾಗಿದ್ದರೂ ಕಣಿವೆಯ ಗುಣ ಇಲ್ಲಿ ಸಣ್ಣದಾಗಿ ಕಾಣುತ್ತದೆ. ತಣ್ಣಗಾದ ಗಾಳಿ ಭಾರವಲ್ವಾ, ಅದು ಇಳಿಜಾರು ಹುಡುಕಿ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಬೆಳಗ್ಗೆ ಸ್ಕೂಟರಿನಲ್ಲಿ ದಿಬ್ಬದಿಂದ ಕೆರೆಯ ಕಡೆ ಇಳಿಯುವಾಗ ಒಮ್ಮೆಲೇ ಕೈ ಕೊರೆಯುವುದು ಈ ಗಾಳಿಯೊಳಗೆ ಹೊಕ್ಕಾಗ.

ನಿಜವಾದ ಕಣಿವೆಯಲ್ಲಿ ಎರಡೂ ಬದಿಯ ಗುಡ್ಡಗಳಿಂದ ಈ ತಂಪು ಗಾಳಿ ಇಳಿಯುತ್ತದೆ. ಪದರ ದಪ್ಪವಾಗುತ್ತದೆ. ಬಯಲಿನಲ್ಲಿ ಮೇಲಕ್ಕೆ ದಾರಿಯಿಲ್ಲದ ಹೊಗೆ ಪಕ್ಕಕ್ಕಾದರೂ ಹರಿದುಹೋಗುತ್ತದೆ, ಇಲ್ಲಿ ಗುಡ್ಡಗಳು ಅದನ್ನೂ ತಡೆಯುತ್ತವೆ. ಗುಡ್ಡದ ನೆರಳಿನಿಂದ ಬಿಸಿಲು ತಳಕ್ಕೆ ತಡವಾಗಿ ಮುಟ್ಟುತ್ತದೆ. ನಮ್ಮ ಲೆಕ್ಕದ 12 ಲಕ್ಷ ಜೌಲ್ ತುಂಬುವುದು ಇನ್ನಷ್ಟು ಹಿಂದಕ್ಕೆ ಹೋಗುತ್ತದೆ.

ಇದರ ಅತಿ ಘೋರ ಉದಾಹರಣೆಗಳಲ್ಲಿ ಒಂದು ಅಮೆರಿಕದ ಪೆನ್ಸಿಲ್ವೇನಿಯಾದ ಡೊನೋರಾ. ಮೊನೊಂಗಹೀಲಾ ನದಿಯ ತಿರುವಿನಲ್ಲಿ, ಗುಡ್ಡಗಳ ನಡುವೆ ಇರುವ, ಆಗ ಸುಮಾರು 14 ಸಾವಿರ ಜನರಿದ್ದ ಊರು. ಸತು ಮತ್ತು ಉಕ್ಕಿನ ಕಾರ್ಖಾನೆಗಳು ನದಿಯ ದಡದಲ್ಲೇ ಇದ್ದವು. 1948ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಪದರ ಬೆಳಗ್ಗೆ ಒಡೆಯಲಿಲ್ಲ. ಮರುದಿನವೂ ಒಡೆಯಲಿಲ್ಲ. ಕಾರಣ, ರಾತ್ರಿಯ ಪದರದ ಮೇಲೆ ಇನ್ನೊಂದು ಸೇರಿಕೊಂಡಿತ್ತು. ಹೆಚ್ಚಿನ ಒತ್ತಡದ ಪ್ರದೇಶ ಬಂದು ನಿಂತರೆ ಮೇಲಿನ ಗಾಳಿ ನಿಧಾನಕ್ಕೆ ಕೆಳಗೆ ಕುಸಿಯುತ್ತದೆ. ಇಳಿಯುವ ಗಾಳಿ 100 ಮೀಟರಿಗೆ 1 ಡಿಗ್ರಿ ಬಿಸಿಯಾಗುತ್ತದೆ ಎಂದು ಆಗಲೇ ನೋಡಿದೆವು. ಹೀಗೆ ಮೇಲೆ ಬಿಸಿ ಗಾಳಿ ದಿನಗಟ್ಟಲೆ ನಿಲ್ಲುತ್ತದೆ. ಕೆಳಗೆ ದಟ್ಟ ಮಂಜು ಬಿಸಿಲನ್ನು ನೆಲಕ್ಕೆ ಬಿಡಲಿಲ್ಲ. ಕಾರ್ಖಾನೆಗಳ ಹೊಗೆ ನಿಲ್ಲಲಿಲ್ಲ. ಆ ಕೆಲವೇ ದಿನಗಳಲ್ಲಿ 20 ಜನ ಸತ್ತರು, ಸಾವಿರಾರು ಜನ ಉಸಿರಾಡಲಾಗದೆ ನರಳಿದರು. ಅಕ್ಟೋಬರ್ 31ರಂದು ಮಳೆ ಬಂದ ಮೇಲೆ ಗಾಳಿ ತಿಳಿಯಾಯಿತು.

ನಮ್ಮಲ್ಲಿ ಹಾಗೆ ದಿನಗಟ್ಟಲೆ ನಿಲ್ಲದಿರುವುದಕ್ಕೆ ದೊಡ್ಡ ಕಾರಣ ಸೂರ್ಯ. ಡಿಸೆಂಬರ್ 21ರ ಮಧ್ಯಾಹ್ನವೂ ಮೈಸೂರಿನಲ್ಲಿ ಸೂರ್ಯ 54 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ದೆಹಲಿಯಲ್ಲಿ 38 ಡಿಗ್ರಿ, ಅಷ್ಟೇ. ದೆಹಲಿಯ ಮಂಜು ಮಧ್ಯಾಹ್ನದವರೆಗೂ ಉಳಿಯುವುದಕ್ಕೂ ನಮ್ಮದು ಹತ್ತು ಗಂಟೆಗೆ ಹರಿಯುವುದಕ್ಕೂ ಇದು ಒಂದು ಮುಖ್ಯ ಕಾರಣ.

ಯಂತ್ರವಿಲ್ಲದೆ ಗುರುತಿಸುವುದು, ಯಂತ್ರ ನೋಡಿ ಮೋಸಹೋಗದಿರುವುದು

ಹಿಂದಿನ ರಾತ್ರಿ ನಕ್ಷತ್ರಗಳು ಚೆನ್ನಾಗಿ ಕಂಡಿದ್ದವೇ, ಎಲೆ ಅಲುಗಾಡದಷ್ಟು ಗಾಳಿ ನಿಂತಿತ್ತೇ, ಬೆಳಗ್ಗೆ ಗಾಡಿಯ ಸೀಟಿನ ಮೇಲೆ ಇಬ್ಬನಿ ಕೂತಿದೆಯೇ? ಮೂರಕ್ಕೂ ಹೌದು ಎಂದಾದರೆ ಪದರ ಇದೆ ಎಂದೇ ಲೆಕ್ಕ. ಕಿವಿಯೂ ಹೇಳುತ್ತದೆ. ಮೇಲೆ ಬಿಸಿ ಗಾಳಿ ಇದ್ದರೆ ಶಬ್ದ ಅಲ್ಲಿ ಹೆಚ್ಚು ವೇಗವಾಗಿ ಸಾಗಿ ಕೆಳಕ್ಕೆ ಬಾಗುತ್ತದೆ. ಬೇರೆ ಹೊತ್ತಿನಲ್ಲಿ ಕೇಳದ ದೂರದ ರೈಲಿನ ಹಾರ್ನ್ ಆ ಬೆಳಗ್ಗೆ ಮನೆಯೊಳಗೇ ಕೇಳುತ್ತದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ರಾತ್ರಿಯೆಲ್ಲ ಮೋಡ ಕವಿದಿದ್ದರೆ ಈ ಯಾವ ಗುರುತೂ ಇರುವುದಿಲ್ಲ.

ಗಾಳಿಯ ಗುಣಮಟ್ಟ ಹೇಳಲು ಮೊಬೈಲಿನಲ್ಲಿ ತೋರಿಸುವ ಎಕ್ಯೂಐ ಅಂಕಿಯ ಬಗ್ಗೆ ಸ್ವಲ್ಪ ಎಚ್ಚರ ಬೇಕು. ನಮ್ಮ ದೇಶದ ಎಕ್ಯೂಐನಲ್ಲಿ ಸಣ್ಣ ಧೂಳುಕಣ, ಅಂದರೆ ಪಿಎಂ 2.5, ಲೆಕ್ಕವಾಗುವುದು 24 ಗಂಟೆಯ ಸರಾಸರಿಯಲ್ಲಿ. ಬೆಳಗಿನ ಮೂರು ಗಂಟೆ ಘನ ಮೀಟರಿಗೆ 150 ಮೈಕ್ರೋಗ್ರಾಂ, ಉಳಿದ 21 ಗಂಟೆ 40 ಇದ್ದರೆ ಸರಾಸರಿ ಬರುವುದು 54. ದಿನದ ಮಿತಿ 60, ಅದರೊಳಗೇ ಇದೆ. ಆಪ್ ಹಸಿರು ಬಣ್ಣ ಬಿಟ್ಟು ಮುಂದಿನ ತಿಳಿ ಬಣ್ಣ ತೋರಿಸುತ್ತದೆ, ಅಷ್ಟೇ. ಆ ಮೂರು ಗಂಟೆಯಲ್ಲೇ ವಾಕಿಂಗ್ ಹೋದ ಆಸ್ತಮಾ ಇರುವ ಅಜ್ಜಿಗೆ, ಬಸ್ಸಿಗೆ ಕಾದ ಮಗುವಿಗೆ ಸರಾಸರಿಯಿಂದ ಉಪಯೋಗವಿಲ್ಲ. ಆದ್ದರಿಂದ ದಿನದ ಒಂದೇ ಅಂಕಿ ಬಿಟ್ಟು ಗಂಟೆಗಂಟೆಯ ಪಿಎಂ 2.5 ಗೆರೆಯನ್ನು ತೆರೆದು ನೋಡಿ. ಚಳಿಗಾಲದ ತಿಳಿ ದಿನಗಳಲ್ಲಿ ಅದರಲ್ಲಿ ಎರಡು ಉಬ್ಬು ಸಾಮಾನ್ಯ. ಒಂದು ಬೆಳಗ್ಗೆ. ಇನ್ನೊಂದು ಸಂಜೆ ಏಳರ ನಂತರ, ಹೊಸ ಪದರ ನೆಲದಿಂದ ಕಟ್ಟಲು ಶುರುವಾಗಿ, ರಸ್ತೆಯಲ್ಲಿ ಗಾಡಿಗಳು ಇನ್ನೂ ತುಂಬಿರುವಾಗ. ಉಸಿರಾಟದ ತೊಂದರೆ ಇರುವವರು ವಾಕಿಂಗನ್ನು ಬೆಳಗ್ಗೆ ಆರಕ್ಕೆ ಬದಲು ಹತ್ತೂವರೆಗೋ, ಸಂಜೆ ನಾಲ್ಕೂವರೆಗೋ ಇಟ್ಟುಕೊಂಡರೆ ಎರಡೂ ಉಬ್ಬಿನಿಂದ ತಪ್ಪಿಸಿಕೊಳ್ಳಬಹುದು.